ಗೊಂಬೆ ಪಾಡ್ಯಕ್ಕೆ ಮೊದಲೇ ಮನೆ ಸೇರಬೇಕು: ಹಬ್ಬದ ಪ್ರಶ್ನೋತ್ತರ ಪುಟ ಹೀಗೆ ಬರೆಯಿರಿ

"ಮೇಡಂ, ನಾನು, ನಮ್ಮ ಅತ್ತಿಗೆ ಸೇರಿ ಮೈಸೂರಿನಿಂದ ದಸರಾ ಗೊಂಬೆಗಳನ್ನ ಆನ್‌ಲೈನಿನಲ್ಲಿ ಮಾರ್ತೀವಿ. ಮಣ್ಣಿಂದು, ಮರದ್ದು ಎರಡೂ ಇದೆ. ಹಬ್ಬದ ಹೊತ್ತಿಗೆ ಯಾವಾಗ ಬರುತ್ತೆ, ಗಿಫ್ಟ್ ಪ್ಯಾಕ್ ಮಾಡ್ತೀರಾ, ದುಡ್ಡು ಹೋಯ್ತು ಆರ್ಡರ್ ಆಗಿಲ್ಲ, ಒಡೆದು ಬಂದಿದೆ ವಾಪಸ್ ತಗೊಳ್ಳಿ ಅಂತ ಇಡೀ ದಿನ ಮೆಸೇಜು. ಎಲ್ಲಕ್ಕೂ ಉತ್ತರ ಇರೋ ಒಂದು ಪುಟ ಹಾಕೋಣ ಅಂತಿದ್ದೀವಿ. ಬೇರೆ ಅಂಗಡಿಯವರದ್ದು ನೋಡ್ಕೊಂಡು ಬರೆದ್ರೆ ಸಾಕಾ?"

ಸಾಕಾಗಲ್ಲ. ಬೇರೆಯವರ ಪುಟದಲ್ಲಿ ಇರುವುದು ಅವರ ಮಾಲು, ಅವರ ಕೊರಿಯರ್, ಅವರ ಹಬ್ಬ. ನಿಮ್ಮದು ಗೊಂಬೆ. ಗೊಂಬೆ ಪಾಡ್ಯದ ದಿನ ಮೆಟ್ಟಿಲ ಮೇಲೆ ಕೂರಬೇಕು, ತದಿಗೆಗೆ ಬಂದರೆ ಅದು ಬಂದ ಹಾಗಲ್ಲ. ಸೀರೆ ಒಂದು ದಿನ ತಡವಾದರೆ ವಿಜಯದಶಮಿಗೆ ಉಟ್ಟುಕೊಳ್ಳಬಹುದು. ಗೊಂಬೆಗೆ ಆ ಅವಕಾಶ ಇಲ್ಲ ಅಲ್ವಾ? ಹಾಗಾಗಿ ನಿಮ್ಮ ಪುಟದಲ್ಲಿ ತಾರೀಖೇ ಮೊದಲು. ಗಿಫ್ಟ್ ಪ್ಯಾಕಿಂಗ್, ದುಡ್ಡು, ರಿಟರ್ನ್ ಎಲ್ಲವೂ ಆ ತಾರೀಖಿಗೆ ಕಟ್ಟಿಕೊಂಡೇ ಬರುತ್ತವೆ.

ಇದನ್ನು ನಾನು ಕಲಿತದ್ದು ಪೆಟ್ಟು ತಿಂದು. ಕೆಲವು ವರ್ಷಗಳ ಹಿಂದೆ ಒಂದು ಅಂಗಡಿಗೆ ದೀಪಾವಳಿಯ ಪುಟ ಬರೆದುಕೊಟ್ಟಿದ್ದೆ. "5ರಿಂದ 7 ಕೆಲಸದ ದಿನಗಳಲ್ಲಿ ತಲುಪುತ್ತದೆ" ಅಂತ ಬರೆದೆ. ಎಲ್ಲರೂ ಹಾಗೇ ಬರೆಯುತ್ತಾರೆ ಅಂತ ನಾನೂ ಬರೆದೆ. ಕೊಂಡವರು ಐದು ಅಂತ ಓದಿಕೊಂಡರು, ಕೊರಿಯರಿನವರು ಏಳು ಅಂತ ನಡೆದುಕೊಂಡರು. ಶನಿವಾರ ಕೆಲಸದ ದಿನವೋ ಅಲ್ಲವೋ, ಆರ್ಡರ್ ಮಾಡಿದ ದಿನದಿಂದ ಎಣಿಸಬೇಕೋ ಮಾಲು ಹೊರಟ ದಿನದಿಂದಲೋ, ಯಾರಿಗೂ ಗೊತ್ತಿಲ್ಲ. ಹಬ್ಬ ಮುಗಿದ ಮೇಲೆ ಬಂದ ಪೆಟ್ಟಿಗೆಗಳು ಹಾಗೆಯೇ ವಾಪಸ್ ಬಂದವು. ಅಂದಿನಿಂದ ನಾನು ದಿನಗಳ ಲೆಕ್ಕ ಬರೆಯುವುದಿಲ್ಲ. ತಾರೀಖು, ಅದರ ಮುಂದೆ ವಾರ ಬರೆಯುತ್ತೇನೆ.

ಆ ತಾರೀಖು ಸುಮ್ನೆ ಮಾಹಿತಿ ಅಲ್ಲ. ಗ್ರಾಹಕ ರಕ್ಷಣೆ (ಇ-ಕಾಮರ್ಸ್) ನಿಯಮಗಳು ಅಂತ 2020ರಲ್ಲಿ ಬಂದವು. ಅದರ ಪ್ರಕಾರ, ತಮ್ಮದೇ ಮಾಲನ್ನು ಆನ್‌ಲೈನಿನಲ್ಲಿ ಮಾರುವವರು ಕೆಲವು ಸಂದರ್ಭಗಳಲ್ಲಿ ವಾಪಸ್ ತೆಗೆದುಕೊಳ್ಳಲ್ಲ ಅನ್ನುವ ಹಾಗಿಲ್ಲ. ಮಾಲು ಕೆಟ್ಟಿದ್ದರೆ, ತೋರಿಸಿದ್ದು ಒಂದು ಕಳಿಸಿದ್ದು ಇನ್ನೊಂದು ಆಗಿದ್ದರೆ, ಹೇಳಿದ ದಿನಕ್ಕಿಂತ ತಡವಾಗಿ ತಲುಪಿದರೆ ತೆಗೆದುಕೊಳ್ಳಲೇಬೇಕು. ಮೂರನೆಯದನ್ನು ಬಹಳ ಜನ ಗಮನಿಸಿಲ್ಲ. ನೆರೆ ಬಂದು ರಸ್ತೆ ಮುಚ್ಚಿತು ಅನ್ನುವಂಥ, ಯಾರ ಕೈಯಲ್ಲೂ ಇಲ್ಲದ ಕಾರಣ ಇದ್ದರೆ ಮಾತ್ರ ವಿನಾಯಿತಿ. "ಹಬ್ಬದ ರಶ್ಶು" ಆ ಪಟ್ಟಿಗೆ ಸೇರುತ್ತದೆ ಅಂತ ನಂಬಿ ಕೂರಬೇಡಿ, ಹಬ್ಬ ಯಾವತ್ತು ಅಂತ ಪಂಚಾಂಗದಲ್ಲಿ ಮೊದಲೇ ಬರೆದಿದೆ. ಅಂದರೆ ಡೆಲಿವರಿ ವಿಭಾಗದಲ್ಲಿ ನೀವು ಬರೆದ ತಾರೀಖೇ ರಿಟರ್ನ್ ವಿಭಾಗದ ಮೊದಲ ಸಾಲನ್ನೂ ಬರೆದುಬಿಡುತ್ತದೆ.

ತಾರೀಖು ಹುಡುಕುವುದು ಹಿಂದಿನಿಂದ ಎಣಿಸಿ. 2025ರ ದಸರಾವನ್ನೇ ತೆಗೆದುಕೊಳ್ಳೋಣ. ಪಾಡ್ಯ ಸೆಪ್ಟೆಂಬರ್ 22, ಸೋಮವಾರ. ಹಿಂದಿನ ದಿನ 21 ಮಹಾಲಯ ಅಮಾವಾಸ್ಯೆ, ಭಾನುವಾರ. ಅವತ್ತು ಕೊರಿಯರ್ ಬಂದರೆ ಪುಣ್ಯ. 20 ಶನಿವಾರವನ್ನು ಕೈಯಲ್ಲಿ ಇಟ್ಟುಕೊಳ್ಳಿ, ಮೊದಲ ದಿನ ಮನೆಗೆ ಬೀಗ ಇದ್ದರೆ ಎರಡನೇ ಸಲ ಬರಲು ಒಂದು ದಿನ ಬೇಕು. ಹಾಗಾದರೆ ಗೊಂಬೆ ತಲುಪಬೇಕಾದ ದಿನ 19, ಶುಕ್ರವಾರ.

ಈಗ ಊರಿಗೆ ಎಷ್ಟು ದಿನ ಹಿಡಿಯುತ್ತದೆ ನೋಡಿ. ಕೊರಿಯರಿನವರು ಹೇಳಿದ್ದನ್ನು ಬರೆಯಬೇಡಿ. ಕಳೆದ ಎರಡು ತಿಂಗಳಲ್ಲಿ ನೀವೇ ಕಳಿಸಿದ ಪಾರ್ಸೆಲ್‌ಗಳ ಟ್ರ್ಯಾಕಿಂಗ್ ತೆಗೆದು, ಹತ್ತರಲ್ಲಿ ಒಂಬತ್ತು ಎಷ್ಟು ದಿನದೊಳಗೆ ಸೇರಿವೆ ಅಂತ ಎಣಿಸಿ. ಸರಾಸರಿ ತೆಗೆದರೆ ಮೋಸ ಹೋಗುತ್ತೀರಿ, ಸರಾಸರಿ ಮೂರು ದಿನ ಅಂದರೆ ಅರ್ಧದಷ್ಟು ಜನಕ್ಕೆ ಮೂರಕ್ಕಿಂತ ಜಾಸ್ತಿ ಹಿಡಿದಿರಬಹುದು. ಬೆಂಗಳೂರಿಗೆ ಎರಡು ದಿನ ಬಂತು ಅಂತಿಟ್ಟುಕೊಳ್ಳಿ. 17 ಬುಧವಾರ ಸಂಜೆ ನಿಮ್ಮ ಕೈ ಬಿಡಬೇಕು, ಪ್ಯಾಕ್ ಮಾಡಲು ಒಂದು ದಿನ, ಹಾಗಾಗಿ ಆರ್ಡರಿಗೆ ಕೊನೆ ದಿನ 16 ಮಂಗಳವಾರ. ಶಿರಸಿ ಕಡೆಗೆ ಐದು ದಿನ ಬಂದರೆ, ನಡುವೆ 14 ಭಾನುವಾರ ಸಿಗುತ್ತದೆ. 13 ಶನಿವಾರ ಹೊರಡಬೇಕು, ಆರ್ಡರ್ 12 ಶುಕ್ರವಾರಕ್ಕೆ ಮುಗಿಯಬೇಕು. ಒಂದೇ ರಾಜ್ಯದೊಳಗೆ ನಾಲ್ಕು ದಿನದ ವ್ಯತ್ಯಾಸ! ಇಡೀ ಕರ್ನಾಟಕಕ್ಕೆ ಒಂದೇ ತಾರೀಖು ಹಾಕಿದರೆ ಒಂದೋ ಬೆಂಗಳೂರಿನ ಆರ್ಡರ್ ಬಿಡುತ್ತೀರಿ, ಇಲ್ಲ ಮಲೆನಾಡಿನವರ ಹಬ್ಬ ಕೆಡಿಸುತ್ತೀರಿ. ಪಿನ್‌ಕೋಡಿನ ಮೇಲೆ ಮೂರು ಗುಂಪು ಮಾಡಿ: ಮೈಸೂರು, ಬೆಂಗಳೂರು ಒಂದು, ಉಳಿದ ಕರ್ನಾಟಕ ಒಂದು, ಹೊರರಾಜ್ಯ ಒಂದು. ಮೂರಕ್ಕಿಂತ ಜಾಸ್ತಿ ಮಾಡಿದರೆ ಓದುವವರಿಗೆ ತಲೆಕೆಡುತ್ತದೆ.

ಪುಟದಲ್ಲಿ ಹೀಗೆ ಬರೆಯಿರಿ: "ಬೆಂಗಳೂರು, ಮೈಸೂರಿಗೆ ಸೆಪ್ಟೆಂಬರ್ 16, ಮಂಗಳವಾರ ಸಂಜೆ 6ರೊಳಗೆ ಆರ್ಡರ್ ಮಾಡಿದರೆ ಗೊಂಬೆಗಳು 19, ಶುಕ್ರವಾರದೊಳಗೆ ತಲುಪುತ್ತವೆ. ತಡವಾಗುತ್ತದೆ ಅಂತ ಗೊತ್ತಾದ ದಿನವೇ ನಾವು ಫೋನ್ ಮಾಡುತ್ತೇವೆ. ಬೇಡ ಅಂದರೆ ಪೂರ್ತಿ ಹಣ, ಕಳಿಸಿದ ಖರ್ಚೂ ಸೇರಿ, ವಾಪಸ್." ಕೊನೆಯ ಸಾಲು ಬರೆಯಲು ಕೈ ಹಿಂಜರಿಯುತ್ತದೆ, ನನಗೂ ಗೊತ್ತು. ಬರೆಯಲು ಧೈರ್ಯ ಬರದಿದ್ದರೆ ತಾರೀಖನ್ನು ಒಂದು ದಿನ ಹಿಂದಕ್ಕೆ ತನ್ನಿ, ಧೈರ್ಯ ಬರುತ್ತದೆ.

ದಸರಾ ಗೊಂಬೆಗೆ ಮಾತ್ರ ಬರುವ ಇನ್ನೊಂದು ಪ್ರಶ್ನೆ ಇದೆ, ಯಾವ ಅಂಗಡಿಯ ಪುಟದಲ್ಲೂ ನಾನು ನೋಡಿಲ್ಲ. ನವರಾತ್ರಿಗೆ ಮುಂಚಿನ ಹದಿನೈದು ದಿನ ಪಿತೃಪಕ್ಷ. ಆ ಪಕ್ಷದಲ್ಲಿ ಹೊಸ ವಸ್ತು ಮನೆಗೆ ತರದವರು ಬಹಳ ಜನ ಇದ್ದಾರೆ, ಅದರಲ್ಲೂ ಹೊಸ ಸಂಸಾರಕ್ಕೆ ಪಟ್ಟದ ಗೊಂಬೆ ಕೊಡುವವರು. ನೀವು ಕಷ್ಟಪಟ್ಟು ಬೇಗ ಕಳಿಸಿದರೆ ಅದೇ ಅವರಿಗೆ ಬೇಸರ. 2025ರಲ್ಲಿ ಗಣೇಶ ಚೌತಿ ಆಗಸ್ಟ್ 27ಕ್ಕೆ ಬಂದಿತ್ತು, ಹುಣ್ಣಿಮೆ ಸೆಪ್ಟೆಂಬರ್ 7ಕ್ಕೆ. ಈ ಎರಡರ ನಡುವೆ ತಲುಪಿಸಿದರೆ ಅವರಿಗೆ ನೆಮ್ಮದಿ. ಹಾಗಾಗಿ ಒಂದು ಪ್ರಶ್ನೆ ಸೇರಿಸಿ: "ಪಿತೃಪಕ್ಷಕ್ಕೆ ಮೊದಲೇ ಬೇಕು, ಆಗುತ್ತಾ?" ಉತ್ತರದಲ್ಲಿ ಅದಕ್ಕೂ ಒಂದು ಕೊನೆ ದಿನ ಕೊಡಿ. ನಿಮ್ಮ ಆರ್ಡರ್‌ಗಳು ಎರಡು ಹೊತ್ತಿಗೆ ಹಂಚಿಹೋಗುವುದರಿಂದ ಪ್ಯಾಕ್ ಮಾಡುವ ಅತ್ತಿಗೆಗೂ ಉಸಿರಾಡಲು ಸಮಯ ಸಿಗುತ್ತದೆ.

ಇನ್ನು ಗಿಫ್ಟ್ ಪ್ಯಾಕಿಂಗ್. ಇದರಲ್ಲಿ ಎಲ್ಲರೂ ಬಣ್ಣದ ಕಾಗದ, ರಿಬ್ಬನ್ನಿನ ಖರ್ಚು ಮಾತ್ರ ಎಣಿಸುತ್ತಾರೆ. ನಿಜವಾದ ಖರ್ಚು ಪೆಟ್ಟಿಗೆಯ ಗಾತ್ರದಲ್ಲಿದೆ. ಕೊರಿಯರಿನವರು ತಕ್ಕಡಿಯ ತೂಕ ಒಂದು ನೋಡುತ್ತಾರೆ, ಗಾತ್ರದ ತೂಕ ಇನ್ನೊಂದು ನೋಡುತ್ತಾರೆ, ಯಾವುದು ಜಾಸ್ತಿಯೋ ಅದಕ್ಕೆ ದುಡ್ಡು ಹಾಕುತ್ತಾರೆ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸಿದರೆ ಗಾತ್ರದ ತೂಕ ಕೆಜಿಯಲ್ಲಿ ಸಿಗುತ್ತದೆ. ಹೆಚ್ಚಿನವರು ಇದೇ 5000 ಬಳಸುತ್ತಾರೆ, ನಿಮ್ಮವರದ್ದು ಒಮ್ಮೆ ಕೇಳಿಕೊಳ್ಳಿ.

ಒಂದು ದಶಾವತಾರ ಸೆಟ್ಟು ತೆಗೆದುಕೊಳ್ಳಿ, ಹತ್ತು ಗೊಂಬೆ, ತಕ್ಕಡಿಯಲ್ಲಿ ಎರಡೂವರೆ ಕೆಜಿ. ಮಾಮೂಲಿ ಪ್ಯಾಕಿಂಗಿನಲ್ಲಿ 35, 30, 20ರ ಪೆಟ್ಟಿಗೆ ಸಾಕು. ಗುಣಿಸಿದರೆ 21,000, ಗಾತ್ರದ ತೂಕ 4.2 ಕೆಜಿ. ಗಿಫ್ಟ್ ಅಂದರೆ ಒಳಗೊಂದು ಚೆಂದದ ಪೆಟ್ಟಿಗೆ, ಅದಕ್ಕೆ ಗೀರು ಬೀಳಬಾರದು ಅಂತ ಹೊರಗೊಂದು ಗಟ್ಟಿ ಪೆಟ್ಟಿಗೆ, ಎರಡರ ನಡುವೆ ಪ್ರತಿ ಬದಿಗೂ ಎರಡೂವರೆ ಸೆಂಟಿಮೀಟರ್ ಮೆತ್ತೆ. ಹೊರಪೆಟ್ಟಿಗೆ 40, 35, 25 ಆಗುತ್ತದೆ. ಗುಣಿಸಿದರೆ 35,000. ಅಂದರೆ 7 ಕೆಜಿ! ಗೊಂಬೆ ಅದೇ ಎರಡೂವರೆ ಕೆಜಿ, ಬಿಲ್ಲು ಏಳು ಕೆಜಿಗೆ. ಮೆತ್ತೆ ಉಳಿಸಿದರೆ ಗೊಂಬೆ ಒಡೆಯುತ್ತದೆ, ಅದರಲ್ಲಿ ಚೌಕಾಸಿ ಬೇಡ. ಗಿಫ್ಟ್ ಪ್ಯಾಕಿಂಗಿನ ದರ ಇಡುವಾಗ ಈ ಹೆಚ್ಚುವರಿ ತೂಕದ ದುಡ್ಡನ್ನೂ ಸೇರಿಸಿ, ಪುಟದಲ್ಲಿ ಒಂದೇ ಮೊತ್ತವಾಗಿ ಬರೆಯಿರಿ. ಕೊನೇ ಹೆಜ್ಜೆಯಲ್ಲಿ, ದುಡ್ಡು ಕಟ್ಟುವ ಹೊತ್ತಿಗೆ, ಹೊಸದಾಗಿ ಒಂದು ಮೊತ್ತ ಎದ್ದು ಬಂದರೆ ಕೊಳ್ಳುವವರಿಗೆ ಸಿಟ್ಟು ಬರುತ್ತದೆ. ಗಿಫ್ಟ್ ಪ್ಯಾಕಿಂಗಿನ ಚೌಕದಲ್ಲಿ ಮೊದಲೇ ಟಿಕ್ ಹಾಕಿಟ್ಟಿರುವುದಂತೂ ಕೂಡದು. ಕೇಳದ ಖರ್ಚನ್ನು ಬುಟ್ಟಿಗೆ ತುರುಕುವುದು, ಬೆಲೆಯನ್ನು ಕೊನೆಯಲ್ಲಿ ಏರಿಸುವುದು ಎರಡನ್ನೂ 2023ರಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಹೊರಡಿಸಿದ ಮಾರ್ಗಸೂಚಿ ನಿಷೇಧಿಸಿದೆ. ನೀವು ಮಾಡದಿದ್ದರೂ ಅಂಗಡಿಯ ಸಾಫ್ಟ್‌ವೇರ್ ತಾನಾಗಿ ಟಿಕ್ ಹಾಕಿರಬಹುದು. ಒಂದು ಸಲ ನೀವೇ ಕೊಳ್ಳುವವರ ಹಾಗೆ ಆರ್ಡರ್ ಮಾಡಿ ನೋಡಿ.

ಗಿಫ್ಟಿನಲ್ಲಿ ಎಲ್ಲರೂ ಕೇಳುವ ಪ್ರಶ್ನೆ, "ಬೆಲೆ ಕಾಣುತ್ತಾ?" ಪ್ರಾಮಾಣಿಕವಾಗಿ ಉತ್ತರಿಸಿ. ಮಾಲಿನ ಜೊತೆ ಬಿಲ್ ಹೋಗಬೇಕು, ಅದು ಹೊರಪೆಟ್ಟಿಗೆಗೆ ಅಂಟಿಸಿದ ಚೀಲದಲ್ಲಿರುತ್ತದೆ. ಒಳಗಿನ ಪೆಟ್ಟಿಗೆಯಲ್ಲಿ ಬೆಲೆ ಎಲ್ಲೂ ಇರಲ್ಲ. "ಬೆಲೆ ಕಾಣುವುದೇ ಇಲ್ಲ" ಅಂತ ಬರೆದರೆ, ಹೊರಗಿನ ಬಿಲ್ ಬಿಡಿಸಿ ಓದಿದ ಬೀಗಿತ್ತಿಯ ಮುಂದೆ ನಿಮ್ಮ ಗ್ರಾಹಕರಿಗೆ ಮುಜುಗರ. ಗಿಫ್ಟ್ ಪ್ಯಾಕಿಂಗಿಗೆ ಒಂದು ದಿನ ಜಾಸ್ತಿ ಬೇಕು ಅನ್ನುವುದನ್ನೂ ಅಲ್ಲೇ ಹೇಳಿ: ಶಿರಸಿಗೆ 12 ಅಲ್ಲ, 11 ಗುರುವಾರ. ಇದನ್ನು ಮರೆತರೆ ಮೇಲೆ ಮಾಡಿದ ಲೆಕ್ಕವೆಲ್ಲ ಒಂದು ದಿನ ಜಾರುತ್ತದೆ.

ಇನ್ನೊಂದು ಮಾತು. ಗಿಫ್ಟ್ ಕಳಿಸುವವರು ಒಬ್ಬರು, ಪಡೆಯುವವರು ಇನ್ನೊಬ್ಬರು. ಕೊರಿಯರಿನವರು ಫೋನ್ ಮಾಡುವುದು ವಿಳಾಸದ ಜೊತೆ ಇರುವ ನಂಬರಿಗೆ. ಅಮೆರಿಕದಲ್ಲಿರುವ ಮಗಳು ಮೈಸೂರಿನ ಅಮ್ಮನಿಗೆ ಗೊಂಬೆ ಕಳಿಸುವಾಗ ತನ್ನದೇ ನಂಬರ್ ಹಾಕುತ್ತಾಳೆ. ಇಲ್ಲಿ ಮಧ್ಯಾಹ್ನ ಕೊರಿಯರ್ ಹುಡುಗ ಬಾಗಿಲಲ್ಲಿ ನಿಂತು ಫೋನ್ ಮಾಡಿದರೆ ಅಲ್ಲಿ ನಡುರಾತ್ರಿ. ಪೆಟ್ಟಿಗೆ ವಾಪಸ್. "ಪಡೆಯುವವರ ಮೊಬೈಲ್ ನಂಬರ್ ಕಡ್ಡಾಯ, ಗುಟ್ಟು ಬಿಟ್ಟುಕೊಡಲ್ಲ" ಅಂತ ಪುಟದಲ್ಲೂ, ವಿಳಾಸ ತುಂಬುವ ಜಾಗದಲ್ಲೂ ಬರೆಯಿರಿ.

ದುಡ್ಡಿನ ವಿಷಯಕ್ಕೆ ಬರೋಣ. ಯಾವ ಯಾವ ರೀತಿ ಕಟ್ಟಬಹುದು ಅನ್ನುವುದು ಒಂದು ಸಾಲು, ಅದಕ್ಕಿಂತ ಜಾಸ್ತಿ ಬೇಡ. ಹೊರದೇಶದ ಕಾರ್ಡ್ ನಡೆಯುತ್ತದೋ ಇಲ್ಲವೋ ಮಾತ್ರ ಸ್ಪಷ್ಟವಾಗಿ ಹೇಳಿ. ಅದನ್ನು ಪೇಮೆಂಟ್ ಗೇಟ್‌ವೇಯವರಲ್ಲಿ ಬೇರೆಯಾಗಿ ಕೇಳಿ ಚಾಲೂ ಮಾಡಿಸಿಕೊಳ್ಳಬೇಕು, ಹಬ್ಬದ ವಾರದಲ್ಲಿ ಕೇಳಿದರೆ ಆಗುವುದಿಲ್ಲ. ಗಿಫ್ಟ್ ಆರ್ಡರಿಗೆ ಕ್ಯಾಶ್ ಆನ್ ಡೆಲಿವರಿ ಇಲ್ಲ ಅಂತಲೂ ಬರೆಯಿರಿ. ಉಡುಗೊರೆ ಬಂದವರ ಬಾಗಿಲಲ್ಲಿ ನಿಂತು ದುಡ್ಡು ಕೇಳುವ ಹಾಗಾಗಬಾರದು ನೋಡಿ.

ನಿಮ್ಮ ಫೋನ್ ಬಿಡದೆ ಹೊಡೆದುಕೊಳ್ಳುವುದು "ದುಡ್ಡು ಹೋಯ್ತು, ಆರ್ಡರ್ ಆಗಿಲ್ಲ" ಅನ್ನುವುದಕ್ಕೆ. ಇದರಲ್ಲಿ ಎರಡು ಬೇರೆ ಬೇರೆ ತೊಂದರೆಗಳಿವೆ. ಒಂದು, ಬ್ಯಾಂಕಿನಿಂದ ದುಡ್ಡು ಕಡಿತವಾಗಿದೆ, ನಿಮ್ಮ ಕಡೆಗೆ ಬಂದಿಲ್ಲ. ಇದಕ್ಕೆ ರಿಸರ್ವ್ ಬ್ಯಾಂಕು 2019ರಲ್ಲೇ ಗಡುವು ಹಾಕಿದೆ. ಅಂಗಡಿಗೆ ಯುಪಿಐನಲ್ಲೋ ಆನ್‌ಲೈನ್ ಕಾರ್ಡಿನಲ್ಲೋ ಕಟ್ಟಿದ್ದು ಹೀಗೆ ಸಿಕ್ಕಿಹಾಕಿಕೊಂಡರೆ, ವ್ಯವಹಾರದ ದಿನ ಬಿಟ್ಟು ಐದು ದಿನದೊಳಗೆ ತಾನಾಗಿಯೇ ಖಾತೆಗೆ ಮರಳಬೇಕು, ಅದರ ಮೇಲೆ ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಸಲ್ಲಬೇಕು. ಎರಡು, ದುಡ್ಡು ಗೇಟ್‌ವೇಗೆ ಬಂದಿದೆ, ಆದರೆ ನಡುವೆ ನೆಟ್ ಹೋಗಿ ಆರ್ಡರ್ ಹುಟ್ಟಿಲ್ಲ. ಇದು ನಿಮ್ಮ ಜವಾಬ್ದಾರಿ. ಯಾವುದು ಅಂತ ತಿಳಿಯಲು ಗ್ರಾಹಕರ ಯುಪಿಐ ಆ್ಯಪಿನಲ್ಲಿ ಕಾಣುವ 12 ಅಂಕಿಯ ಯುಟಿಆರ್ ಸಂಖ್ಯೆ ಕೇಳಿ, ಅದನ್ನು ಗೇಟ್‌ವೇಯಲ್ಲಿ ಹುಡುಕಿ. ಅಲ್ಲಿ ಸಿಕ್ಕರೆ ದುಡ್ಡು ನಿಮ್ಮ ಕಡೆ ಇದೆ. ಆ ಕ್ಷಣವೇ ಆರ್ಡರ್ ಕೈಯಾರೆ ಹಾಕಿ, ಇಲ್ಲ ವಾಪಸ್ ಕಳಿಸಿ. ಸಿಗದಿದ್ದರೆ ಬ್ಯಾಂಕಿನದು.

ಗೊಂಬೆ ಕೊಳ್ಳುವವರಿಗೆ ಐದು ದಿನ ಕಾಯಲು ಆಗಲ್ಲ, ಅಷ್ಟರಲ್ಲಿ ಕೊನೆ ದಿನ ದಾಟಿರುತ್ತದೆ. ಹಾಗಾಗಿ "ನಿಮ್ಮ ಸೆಟ್ಟನ್ನು 24 ಗಂಟೆ ತೆಗೆದಿಟ್ಟಿರುತ್ತೇವೆ, ಯುಟಿಆರ್ ಸಂಖ್ಯೆ ಕಳಿಸಿ" ಅಂತ ಸೇರಿಸಿ. ಈ ಒಂದು ಸಾಲು ಇದ್ದರೆ ಅವರು ಗಾಬರಿಯಿಂದ ಇನ್ನೊಂದು ಸಲ, ಮತ್ತೊಂದು ಸಲ ದುಡ್ಡು ಕಟ್ಟುವುದು ತಪ್ಪುತ್ತದೆ. ಇನ್ನೊಂದು ಸಾಲನ್ನು ದಪ್ಪ ಅಕ್ಷರದಲ್ಲಿ ಹಾಕಿ: "ರೀಫಂಡ್ ಪಡೆಯಲು ಯುಪಿಐ ಪಿನ್ ಬೇಕಿಲ್ಲ, ಕ್ಯೂಆರ್ ಸ್ಕ್ಯಾನ್ ಮಾಡಬೇಕಿಲ್ಲ, ಓಟಿಪಿ ಹೇಳಬೇಕಿಲ್ಲ. ನಾವು ಇವನ್ನು ಎಂದೂ ಕೇಳುವುದಿಲ್ಲ." ಹಬ್ಬದ ಹೊತ್ತಿನಲ್ಲಿ ಅಂಗಡಿಯ ಹೆಸರು ಹೇಳಿಕೊಂಡು ರೀಫಂಡ್ ಕೊಡುತ್ತೇವೆ ಅಂತ ಫೋನ್ ಮಾಡಿ ದೋಚುವವರು ಇದ್ದಾರೆ.

ರಿಟರ್ನ್‌ಗೆ ಒಂದೇ ನಿಯಮ ಬರೆಯಬೇಡಿ. ಒಡೆದದ್ದು ಬೇರೆ, ಮನಸ್ಸು ಬದಲಾದದ್ದು ಬೇರೆ. ಮನಸ್ಸು ಬದಲಾದವರಿಂದ ವಾಪಸ್ ಪಡೆಯಬೇಕು ಅನ್ನುವ ಕಾನೂನಿಲ್ಲ, ಅದು ನಿಮ್ಮಿಷ್ಟ, ಆದರೆ ಏನು ಮಾಡುತ್ತೀರಿ ಅಂತ ಮೊದಲೇ ಹೇಳಿರಬೇಕು. ನನ್ನ ಸಲಹೆ, "ಪಾಡ್ಯಕ್ಕೆ ಮೊದಲು ತಿಳಿಸಿದರೆ, ಪ್ಯಾಕ್ ಬಿಚ್ಚದಿದ್ದರೆ ತೆಗೆದುಕೊಳ್ಳುತ್ತೇವೆ, ವಾಪಸ್ ಕಳಿಸುವ ಖರ್ಚು ನಿಮ್ಮದು." ಪಾಡ್ಯದ ಗಡಿ ಹಾಕದಿದ್ದರೆ ಒಂಬತ್ತು ದಿನ ಕೂರಿಸಿ, ಆರತಿ ಎತ್ತಿ, ಹತ್ತನೇ ದಿನ ಬೇಡ ಅನ್ನುವವರೂ ಸಿಗುತ್ತಾರೆ.

ಒಡೆದದ್ದರ ವಿಷಯದಲ್ಲಿ ಗಡಿ ತಿರುಗುಮುರುಗು ಇರಬೇಕು. "ತಲುಪಿದ 48 ಗಂಟೆಯೊಳಗೆ ತಿಳಿಸಿ" ಅಂತ ಎಲ್ಲರೂ ಬರೆಯುತ್ತಾರೆ. ನಿಮ್ಮ ಗ್ರಾಹಕರು ಪಿತೃಪಕ್ಷಕ್ಕೆ ಮೊದಲೇ ತರಿಸಿ, ಪೆಟ್ಟಿಗೆಯನ್ನು ಅಟ್ಟದ ಮೇಲಿಟ್ಟು, ಅಮಾವಾಸ್ಯೆ ಸಂಜೆ ಬಿಚ್ಚುತ್ತಾರೆ. ಗಿಫ್ಟ್ ಪಡೆದವರೂ ಅಷ್ಟೇ. ಅವರಿಗೆ 48 ಗಂಟೆ ಅನ್ನುವುದು ನ್ಯಾಯವಲ್ಲ. ಕೆಟ್ಟ ಮಾಲಿಗೆ ಅವಧಿಯ ನೆಪ ಹೇಳಿದರೆ ನಿಲ್ಲುವುದೂ ಇಲ್ಲ. ತಾರೀಖು ಹಾಕಿ: "ಯಾವಾಗ ತಲುಪಿದ್ದರೂ ಸೆಪ್ಟೆಂಬರ್ 24ರ ತನಕ ತಿಳಿಸಬಹುದು." ಅದರ ಜೊತೆಗೆ, "ಬಂದ ದಿನವೇ ಒಮ್ಮೆ ಬಿಚ್ಚಿ ನೋಡಿದರೆ ಹಬ್ಬದೊಳಗೆ ಬದಲಿ ಕಳಿಸಲು ನಮಗೆ ಸಮಯ ಸಿಗುತ್ತದೆ" ಅಂತ ಕಾರಣ ಹೇಳಿ ಕೇಳಿಕೊಳ್ಳಿ. ಕಾರಣ ಕೊಟ್ಟರೆ ಜನ ಬಿಚ್ಚಿ ನೋಡುತ್ತಾರೆ. ಕೊರಿಯರಿನವರ ಹತ್ತಿರ ನೀವು ನಷ್ಟ ಕೇಳಲು ಗಡುವು ಚಿಕ್ಕದಿರುತ್ತದೆ, ಬೇಗ ತಿಳಿದರೆ ನಿಮಗೂ ಒಳ್ಳೆಯದು.

ಮೂರು ಫೋಟೋ ಕೇಳಿ: ವಿಳಾಸದ ಚೀಟಿ ಕಾಣುವ ಹಾಗೆ ಹೊರಪೆಟ್ಟಿಗೆ, ಬಿಚ್ಚಿದಾಗ ಒಳಗೆ ಮೆತ್ತೆ ಹೇಗಿತ್ತು, ಒಡೆದ ಗೊಂಬೆ. ಫೋಟೋ ಬರೀ ಸಾಕ್ಷಿಯಲ್ಲ, ಏನಾಯಿತು ಅಂತ ನಿಮಗೆ ಹೇಳುತ್ತದೆ. ಮಣ್ಣಿನ ದಶಾವತಾರ ಕಳಿಸುತ್ತಿದ್ದ ಒಬ್ಬರ ಫೋಟೋಗಳನ್ನು ಒಟ್ಟಿಗೆ ಹರಡಿಕೊಂಡು ನೋಡಿದ್ದೆ. ಪೆಟ್ಟಿಗೆ ಸೊಟ್ಟಗಾಗಿಲ್ಲ, ಮೂಲೆ ಜಜ್ಜಿಲ್ಲ, ಆದರೂ ಮತ್ತೆ ಮತ್ತೆ ಮುರಿದದ್ದು ವಾಮನನ ಕೊಡೆ. ಎತ್ತಿ ಹಾಕಿದ್ದರೆ ಬೇರೆ ಗೊಂಬೆಗಳೂ ಹೋಗಬೇಕಿತ್ತು. ತಪ್ಪು ಪ್ಯಾಕಿಂಗಿನಲ್ಲೇ ಇತ್ತು: ಬಬಲ್ ರ್ಯಾಪನ್ನು ಬಿಗಿಯಾಗಿ ಎಳೆದು ಟೇಪ್ ಹಚ್ಚುವಾಗ ಕೊಡೆಯ ಸಣ್ಣ ಹಿಡಿ ಬಾಗುತ್ತಿತ್ತು, ದಾರಿಯ ಕುಲುಕಾಟಕ್ಕೆ ಪಟ್ ಅನ್ನುತ್ತಿತ್ತು. ಕೊಡೆಯ ಕೆಳಗಿನ ಸಂದಿಗೆ ಮೆತ್ತನೆಯ ಕಾಗದ ತುಂಬಿ, ಆಮೇಲೆ ಸಡಿಲವಾಗಿ ಸುತ್ತಲು ಶುರುಮಾಡಿದ ಮೇಲೆ ಆ ದೂರು ಕಡಿಮೆಯಾಯಿತು.

ಸೆಟ್ಟಿನಲ್ಲಿ ಒಂದು ಮುರಿದರೆ ಏನು ಮಾಡುತ್ತೀರಿ ಅಂತಲೂ ಬರೆಯಿರಿ. ವಾಮನ ಇಲ್ಲದ ದಶಾವತಾರ ಯಾರಿಗೆ ಬೇಕು? ಮುರಿಯುವಂಥ ಗೊಂಬೆಗಳನ್ನು ಬಿಡಿಯಾಗಿ ನಾಲ್ಕಾರು ಇಟ್ಟುಕೊಂಡು, "ಒಂದು ಗೊಂಬೆಯನ್ನು ಮಾತ್ರ ಬದಲಿ ಕಳಿಸುತ್ತೇವೆ, ಹಬ್ಬದೊಳಗೆ ತಲುಪದಿದ್ದರೆ ಇಡೀ ಸೆಟ್ಟಿನ ಹಣ ವಾಪಸ್" ಅಂತ ಹೇಳಿ. ಮುರಿದ ಚೂರುಗಳನ್ನು ವಾಪಸ್ ಕಳಿಸಿ ಅನ್ನಬೇಡಿ, ನಿಮಗೂ ಖರ್ಚು, ಅವರಿಗೂ ಕಿರಿಕಿರಿ. ಬಣ್ಣದ ವ್ಯತ್ಯಾಸಕ್ಕೆ ಬಂದರೆ, "ಕೈಯಲ್ಲಿ ಬಣ್ಣ ಹಚ್ಚಿದ್ದು, ಸ್ವಲ್ಪ ಹೆಚ್ಚುಕಡಿಮೆ ಇರುತ್ತದೆ" ಅಂತ ಪ್ರತಿ ಗೊಂಬೆಯ ಫೋಟೋ ಪಕ್ಕದಲ್ಲೇ ಬರೆಯಿರಿ. ಎತ್ತರವನ್ನು ಇಂಚಿನಲ್ಲಿ ಹಾಕಿ. ಮೆಟ್ಟಿಲಿನ ಅಳತೆ ನೋಡಿಕೊಂಡು ಕೊಳ್ಳುವವರಿಗೆ "ಅಂದುಕೊಂಡದ್ದಕ್ಕಿಂತ ಚಿಕ್ಕದು" ಅನ್ನುವುದೇ ದೊಡ್ಡ ದೂರು.

ಪುಟದ ಕೆಳಗೆ ನಿಮ್ಮ ಅಂಗಡಿಯ ಪೂರ್ತಿ ಹೆಸರು, ವಿಳಾಸ, ದೂರು ಕೇಳುವವರ ಹೆಸರು, ಹುದ್ದೆ, ಫೋನ್ ಇರಬೇಕು. ಅದೇ 2020ರ ನಿಯಮ ಕೇಳುವುದು ಇದನ್ನು. ದೂರು ಬಂದ 48 ಗಂಟೆಯೊಳಗೆ ತಲುಪಿತು ಅಂತ ಉತ್ತರಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ನೀವಿಬ್ಬರೇ ಇರುವುದರಿಂದ ಹಬ್ಬದ ದಿನಗಳಲ್ಲಿ ಫೋನ್ ಯಾವ ಹೊತ್ತಿಗೆ ಎತ್ತುತ್ತೀರಿ ಅಂತ ಸಮಯ ಹಾಕಿ, ಅಮಾವಾಸ್ಯೆ ಸಂಜೆ ಮಾತ್ರ ಯಾರಾದರೊಬ್ಬರು ಎತ್ತಲೇಬೇಕು.

ಪುಟ ಹಾಕಿದ ಮೇಲೂ ಒಂದು ಕೆಲಸ ಇದೆ. ಕೊನೆ ದಿನ ದಾಟಿದ ಸಂಜೆ, ಅಂದರೆ ಆ ವರ್ಷದ ಲೆಕ್ಕದಲ್ಲಿ 16ರ ಸಂಜೆ 6ಕ್ಕೆ, ಬೆಂಗಳೂರಿನ ಸಾಲನ್ನು ಅಳಿಸಿ ಅಲ್ಲಿ ಹೀಗೆ ಬರೆಯಿರಿ: "ಈಗ ಆರ್ಡರ್ ಮಾಡಿದರೆ ಪಾಡ್ಯಕ್ಕೆ ತಲುಪುವುದಿಲ್ಲ. ಮೈಸೂರಿನಲ್ಲಿರುವವರು 20, ಶನಿವಾರದ ತನಕ ನಮ್ಮ ಮನೆಗೇ ಬಂದು ತೆಗೆದುಕೊಂಡು ಹೋಗಬಹುದು."